ಕಾಂಕ್ರೀಟ್ ಪ್ರಾಜೆಕ್ಟಿನ ವರದಿಯಲ್ಲಿ ಮೆಥಡಾಲಜಿ ಅಧ್ಯಾಯವನ್ನು ಬರೆಯುವ ಬಗೆ

ಸಿವಿಲ್ ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ವಿದ್ಯಾರ್ಥಿಗಳು ಅತಿ ಕಡಿಮೆ ಯೋಚಿಸಿ ಬರೆಯುವುದು ಮೆಥಡಾಲಜಿ ಅಧ್ಯಾಯವನ್ನು. ಹಿಂದಿನ ಬ್ಯಾಚಿನ ವರದಿಯನ್ನು ತೆರೆದು, ಸಿಮೆಂಟಿನ ವ್ಯಾಖ್ಯೆಯಿಂದ ಸ್ಲಂಪ್ ಟೆಸ್ಟಿನ ಚಿತ್ರದವರೆಗೆ ಎಲ್ಲವನ್ನೂ ತಮ್ಮ ಫೈಲಿಗೆ ಇಳಿಸಿಕೊಂಡು, ಪ್ರಮಾಣಗಳನ್ನಷ್ಟೇ ಬದಲಿಸುವ ಅಭ್ಯಾಸ ಅನೇಕ ಕಾಲೇಜುಗಳಲ್ಲಿದೆ. ಹಾಗೆ ಸಿದ್ಧವಾದ ಅಧ್ಯಾಯ ಇಪ್ಪತ್ತು ಪುಟವಿದ್ದರೂ ನೀವು ಲ್ಯಾಬಿನಲ್ಲಿ ಏನು ಮಾಡಿದಿರಿ ಎಂಬುದು ಅದರಲ್ಲಿ ಇರುವುದಿಲ್ಲ. ಮುಂದಿನ ವರ್ಷದ ಬ್ಯಾಚ್ ನಿಮ್ಮನ್ನು ಒಂದು ಮಾತೂ ಕೇಳದೆ, ವರದಿಯನ್ನು ಮಾತ್ರ ಓದಿ, ನಿಮ್ಮ ಕ್ಯೂಬ್‌ಗಳಂತಹ ಕ್ಯೂಬ್‌ಗಳನ್ನೇ ಎರಕ ಹೊಯ್ಯಲು ಸಾಧ್ಯವಾಗುವಂತೆ ಬರೆಯುವುದೇ ಈ ಅಧ್ಯಾಯದ ಕೆಲಸ. ಅದಕ್ಕೆ ಬೇಕಾದ ಹೆಜ್ಜೆಗಳನ್ನು ಕರ್ನಾಟಕದ ಕಾಲೇಜುಗಳಲ್ಲಿ ತೀರ ಪರಿಚಿತವಾದ ಒಂದು ಪ್ರಾಜೆಕ್ಟನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ: ಎಂ30 ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಜಿಜಿಬಿಎಸ್, ಅಂದರೆ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಬರುವ ಸ್ಲ್ಯಾಗಿನ ನುಣ್ಣನೆಯ ಪುಡಿ, ಬಳಸಿ ಒತ್ತಡ ತಾಳುವ ಶಕ್ತಿಯನ್ನು ಅಳೆಯುವುದು.

ಬರೆಯುವ ಮೊದಲು: ಏನು ಬದಲಾಯಿತು, ಏನು ಬದಲಾಗಲಿಲ್ಲ

ಅಧ್ಯಾಯದ ಮೊದಲ ಪುಟದಲ್ಲಿ ಇರಬೇಕಾದದ್ದು ಫ್ಲೋಚಾರ್ಟ್ ಅಲ್ಲ. ನೀವು ಯಾವುದನ್ನು ಬದಲಿಸಿದಿರಿ, ಯಾವುದನ್ನು ಅಳೆದಿರಿ, ಯಾವುದನ್ನು ಬದಲಾಗದಂತೆ ಹಿಡಿದಿಟ್ಟಿರಿ ಎಂಬ ಮೂರು ಸಂಗತಿಗಳು. ನಮ್ಮ ಉದಾಹರಣೆಯಲ್ಲಿ ಬದಲಾಗುವುದು ಜಿಜಿಬಿಎಸ್ ಪ್ರಮಾಣ: ಒಟ್ಟು ಬೈಂಡರಿನ ತೂಕದಲ್ಲಿ ಶೇಕಡಾ 0, 20, 40 ಮತ್ತು 60. ಅಳೆಯುವುದು 7, 28 ಮತ್ತು 56 ದಿನಗಳ ಶಕ್ತಿ. ಬದಲಾಗದಂತೆ ಇಡುವುದು ಒಟ್ಟು ಬೈಂಡರ್, ನೀರು, ಜಲ್ಲಿ ಮತ್ತು ಸೂಪರ್‌ಪ್ಲಾಸ್ಟಿಸೈಸರಿನ ಪ್ರಮಾಣ.

ಪ್ರತಿ ಆಯ್ಕೆಯ ಜೊತೆಗೂ ಅದರ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಬೇಕು. 56 ದಿನ ಏಕೆ? ಜಿಜಿಬಿಎಸ್ ಇರುವ ಕಾಂಕ್ರೀಟ್ ಆರಂಭದ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಸಿಮೆಂಟ್ ನೀರಿನೊಡನೆ ವರ್ತಿಸಿ ಕ್ಷಾರವನ್ನು ಬಿಡುಗಡೆ ಮಾಡಿದ ಮೇಲೆ ಸ್ಲ್ಯಾಗಿನ ವರ್ತನೆಗೆ ವೇಗ ಬರುತ್ತದೆ. 28 ದಿನಕ್ಕೇ ನಿಲ್ಲಿಸಿದರೆ ಶೇಕಡಾ 60ರ ಮಿಶ್ರಣವನ್ನು ಅದರ ನಿಜವಾದ ಶಕ್ತಿಗಿಂತ ಕೆಳಗೆ ಅಳೆದಂತಾಗುತ್ತದೆ. 60 ಏಕೆ? ಸ್ಲ್ಯಾಗ್ ಸಿಮೆಂಟಿನ ಮಾನಕವಾದ ಐಎಸ್ 455 ಶೇಕಡಾ 25ರಿಂದ 70ರವರೆಗೆ ಸ್ಲ್ಯಾಗಿಗೆ ಅವಕಾಶ ಕೊಡುತ್ತದೆ. 60 ಆ ಮಿತಿಯೊಳಗೇ ಇದೆ. ಇಂತಹ ಎರಡು ವಾಕ್ಯಗಳಿದ್ದರೆ ವೈವಾದಲ್ಲಿ ಬರುವ ಅರ್ಧದಷ್ಟು ಪ್ರಶ್ನೆಗಳಿಗೆ ವರದಿಯೇ ಉತ್ತರ ಕೊಟ್ಟಿರುತ್ತದೆ.

ಇಲ್ಲೇ ಕ್ಯೂಬ್‌ಗಳ ಲೆಕ್ಕವನ್ನೂ ಬರೆಯಿರಿ. ನಾಲ್ಕು ಮಿಶ್ರಣ, ಮೂರು ವಯಸ್ಸು, ಪ್ರತಿಯೊಂದಕ್ಕೆ ಮೂರು ಕ್ಯೂಬ್, ಒಟ್ಟು 36. ಎರಕ ಹೊಯ್ದ ದಿನಾಂಕಗಳ ಪಟ್ಟಿಯೂ ಇದರ ಜೊತೆಗೇ ಇರಲಿ. ಅಧಿಕ ವರ್ಷವಲ್ಲದ ವರ್ಷದಲ್ಲಿ ಫೆಬ್ರವರಿ 3ರಂದು ಹೊಯ್ದ ಕ್ಯೂಬಿನ 28ನೇ ದಿನ ಮಾರ್ಚ್ 3, 56ನೇ ದಿನ ಮಾರ್ಚ್ 31. ಆ ದಿನ ರಜೆಯಾಗಿದ್ದು ನೀವು 57ನೇ ದಿನ ಪರೀಕ್ಷಿಸಿದ್ದರೆ 57 ಎಂದೇ ಬರೆಯಬೇಕು.

ಸಾಮಗ್ರಿಗಳು: ಪುಸ್ತಕದ ಸಿಮೆಂಟ್ ಅಲ್ಲ, ನಿಮ್ಮ ಮೂಟೆಯ ಸಿಮೆಂಟ್

ಈ ಭಾಗದಲ್ಲಿ "ಸಿಮೆಂಟ್ ಎಂಬುದು ಬಂಧಕ ಗುಣವುಳ್ಳ ವಸ್ತು" ಎಂದು ಆರಂಭವಾಗುವ ಪ್ಯಾರಾವನ್ನು ಪೂರ್ತಿಯಾಗಿ ತೆಗೆದುಹಾಕಿ. ಓದುಗನಿಗೆ ಬೇಕಾಗಿರುವುದು ನಿಮ್ಮ ಮೂಟೆಯ ವಿವರ: ಬ್ರ್ಯಾಂಡ್, ಗ್ರೇಡ್, ಮೂಟೆಯ ಮೇಲಿನ ತಯಾರಿಕೆಯ ವಾರ, ನೀವು ಅದನ್ನು ತೆರೆದ ದಿನ, ಮತ್ತು ನೀವೇ ಅಳೆದ ಸಾಪೇಕ್ಷ ಸಾಂದ್ರತೆ ಹಾಗೂ ಸೆಟ್ಟಿಂಗ್ ಸಮಯ. ಮಳೆಗಾಲದಲ್ಲಿ ಮೂರು ತಿಂಗಳು ಲ್ಯಾಬಿನ ಮೂಲೆಯಲ್ಲಿ ಬಿದ್ದಿದ್ದ ಸಿಮೆಂಟ್ ಶಕ್ತಿ ಕಳೆದುಕೊಂಡಿರುತ್ತದೆ. ಆ ದಿನಾಂಕಗಳಿಲ್ಲದಿದ್ದರೆ ಫಲಿತಾಂಶ ಕಡಿಮೆ ಬಂದದ್ದಕ್ಕೆ ಜಿಜಿಬಿಎಸ್ ಕಾರಣವೋ, ಹಳೆಯ ಸಿಮೆಂಟ್ ಕಾರಣವೋ ಎಂಬುದನ್ನು ಯಾರೂ ಹೇಳಲಾರರು.

ಜಿಜಿಬಿಎಸ್ ಎಲ್ಲಿಂದ ಬಂತೆಂಬುದನ್ನೂ ಹೇಳಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದರಿಂದ ನಮ್ಮ ರಾಜ್ಯದ ವಿದ್ಯಾರ್ಥಿಗಳಿಗೆ ಈ ಪುಡಿ ಸುಲಭವಾಗಿ ಸಿಗುತ್ತದೆ. ಆದರೆ ಡೀಲರಿನಿಂದ ತಂದದ್ದಾದರೆ ಹಾಗೆಂದೇ ಬರೆದು, ಪೂರೈಕೆದಾರರು ಕೊಟ್ಟ ಪರೀಕ್ಷಾ ಪತ್ರದ ಅಂಕಿಗಳನ್ನು ನೀವು ಅಳೆದ ಅಂಕಿಗಳಿಂದ ಬೇರೆಯಾಗಿ ತೋರಿಸಿ. ಒಂದೇ ಕೋಷ್ಟಕದಲ್ಲಿ ಎರಡನ್ನೂ ಬೆರೆಸುವುದು ಪ್ರಾಮಾಣಿಕವಲ್ಲ.

ಮಾನಕಗಳ ಹೆಸರಿನಲ್ಲಿ ನಕಲು ಬೇಗ ಸಿಕ್ಕಿಬೀಳುತ್ತದೆ. 43 ಗ್ರೇಡ್ ಸಿಮೆಂಟಿಗೆ ಐಎಸ್ 8112, 53 ಗ್ರೇಡಿಗೆ ಐಎಸ್ 12269 ಎಂದು ಬರೆದ ವರದಿಗಳು ಈಗಲೂ ಬರುತ್ತವೆ. ಆ ಗ್ರೇಡುಗಳೆಲ್ಲವೂ ಐಎಸ್ 269:2015ರ ಒಳಗೆ ಸೇರಿಹೋಗಿವೆ. ಮಿಕ್ಸ್ ಡಿಸೈನಿಗೆ ಐಎಸ್ 10262ರ 2009ರ ಆವೃತ್ತಿಯನ್ನು ಹೆಸರಿಸಿ 2019ರ ಕೋಷ್ಟಕ ಬಳಸುವವರೂ ಇದ್ದಾರೆ. ಜಿಜಿಬಿಎಸ್‌ಗೆ ಐಎಸ್ 16714:2018, ಮರಳು ಮತ್ತು ಜಲ್ಲಿಗೆ ಐಎಸ್ 383:2016. ಹೆಸರಿಸಿದ ಪ್ರತಿಯೊಂದು ಮಾನಕವನ್ನೂ ಗ್ರಂಥಾಲಯದಲ್ಲಿ ತೆರೆದು, ವರ್ಷವನ್ನು ಕಣ್ಣಾರೆ ನೋಡಿಯೇ ಬರೆಯಿರಿ.

ಒಂದು ಸಣ್ಣ ಲೆಕ್ಕವನ್ನು ಇಲ್ಲಿ ಸೇರಿಸುವುದು ಒಳ್ಳೆಯದು. 150 ಮಿಮೀ ಕ್ಯೂಬಿನ ಗಾತ್ರ 0.003375 ಘನ ಮೀಟರ್. ಒಂದು ಮಿಶ್ರಣದ ಒಂಬತ್ತು ಕ್ಯೂಬ್‌ಗಳಿಗೆ, ಶೇಕಡಾ 10 ವ್ಯರ್ಥವಾಗುತ್ತದೆಂದು ಹಿಡಿದರೆ, ಸುಮಾರು 0.0334 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 360 ಕೆಜಿ ಬೈಂಡರ್ ಎಂದಾದರೆ ಪ್ರತಿ ಮಿಶ್ರಣಕ್ಕೆ 12 ಕೆಜಿ. ನಾಲ್ಕೂ ಮಿಶ್ರಣಗಳನ್ನು ಕೂಡಿದರೆ ಸಿಮೆಂಟ್ 34 ಕೆಜಿಯ ಒಳಗೆ, ಜಿಜಿಬಿಎಸ್ ಸುಮಾರು 14.5 ಕೆಜಿ. ಅಂದರೆ ಇಡೀ ಪ್ರಾಜೆಕ್ಟಿಗೆ 50 ಕೆಜಿಯ ಒಂದೇ ಮೂಟೆ ಸಾಕು, ಟ್ರಯಲ್ ಮಿಶ್ರಣಗಳಿಗೂ ಅದರಲ್ಲೇ ಉಳಿಯುತ್ತದೆ. "ಎಲ್ಲ ಕ್ಯೂಬ್‌ಗಳಿಗೂ ಒಂದೇ ಮೂಟೆಯ ಸಿಮೆಂಟನ್ನು ಬಳಸಲಾಯಿತು" ಎಂಬ ಒಂದು ವಾಕ್ಯವನ್ನು ಬರೆಯುವ ಅವಕಾಶ ನಿಮಗಿದ್ದರೆ ಅದನ್ನು ಬಿಡಬೇಡಿ. ಸಿಮೆಂಟಿನಿಂದ ಬರಬಹುದಾದ ವ್ಯತ್ಯಾಸವನ್ನು ಅದು ತೆಗೆದುಹಾಕುತ್ತದೆ.

ಮಿಕ್ಸ್ ಡಿಸೈನ್: ನೀವು ನಿರ್ಧರಿಸಿದ ಜಾಗಗಳನ್ನು ತೋರಿಸಿ

ಐಎಸ್ 10262:2019ರ ಎಲ್ಲ ಹಂತಗಳನ್ನೂ ಮುಖ್ಯ ಅಧ್ಯಾಯದಲ್ಲಿ ಬರೆಯುವ ಅಗತ್ಯವಿಲ್ಲ; ಪೂರ್ಣ ಲೆಕ್ಕ ಅನುಬಂಧಕ್ಕೆ ಹೋಗಲಿ. ಅಧ್ಯಾಯದಲ್ಲಿ ಇರಬೇಕಾದದ್ದು ಎರಡು ದಾರಿಗಳಿದ್ದಾಗ ನೀವು ಯಾವುದನ್ನು ಹಿಡಿದಿರಿ ಎಂಬುದು. ಟಾರ್ಗೆಟ್ ಸ್ಟ್ರೆಂತನ್ನೇ ನೋಡಿ. ಮಾನಕ ಎರಡು ಸೂತ್ರಗಳನ್ನು ಕೊಟ್ಟು, ಹೆಚ್ಚಿನದನ್ನು ತೆಗೆದುಕೊಳ್ಳಲು ಹೇಳುತ್ತದೆ. ಎಂ30ಕ್ಕೆ S = 5, X = 6.5:

```
f'ck = fck + 1.65 S = 30 + 8.25 = 38.25 N/mm²
f'ck = fck + X      = 30 + 6.5  = 36.5  N/mm²
```

ಆದ್ದರಿಂದ 38.25. ಮುಂದೆ, ನೀರು-ಬೈಂಡರ್ ಅನುಪಾತ 0.45 ಎಂದು ಆರಿಸಿದ್ದರೆ, ತೀವ್ರ ವಾತಾವರಣದ ಬಲವರ್ಧಿತ ಕಾಂಕ್ರೀಟಿಗೆ ಐಎಸ್ 456:2000 ಕೊಡುವ ಗರಿಷ್ಠ ಮಿತಿ ಅದು ಎಂಬ ಕಾರಣವನ್ನು ಹೇಳಿ. ಬೈಂಡರ್ 360 ಕೆಜಿ, ನೀರು 162 ಕೆಜಿ, ಎಂ-ಸ್ಯಾಂಡ್ 750 ಕೆಜಿ, ಜಲ್ಲಿ 1150 ಕೆಜಿ ಎಂಬುದು ನಮ್ಮ ಉದಾಹರಣೆಯ ಕಂಟ್ರೋಲ್ ಮಿಶ್ರಣವಾಗಿರಲಿ.

ಸಾಮಾನ್ಯವಾಗಿ ಹೇಳದೇ ಉಳಿಯುವ ಎರಡು ನಿರ್ಧಾರಗಳು ಇಲ್ಲಿವೆ. ಮೊದಲನೆಯದು, ಖನಿಜ ಪುಡಿಗಳನ್ನು ಬಳಸುವಾಗ ಒಟ್ಟು ಬೈಂಡರನ್ನು ಶೇಕಡಾ 10ರಷ್ಟು ಹೆಚ್ಚಿಸುವ ಪದ್ಧತಿ ಮಾನಕದ ಉದಾಹರಣೆಗಳಲ್ಲಿದೆ. ನೀವು ಹೆಚ್ಚಿಸದೆ 360ರಲ್ಲೇ ಉಳಿಸಿದ್ದರೆ, ಬದಲಿಕೆಯ ಪರಿಣಾಮವೊಂದನ್ನೇ ನೋಡುವ ಉದ್ದೇಶದಿಂದ ಹಾಗೆ ಮಾಡಿದ್ದೆಂದು ಸ್ಪಷ್ಟವಾಗಿ ಹೇಳಬೇಕು. ಎರಡನೆಯದು, ಬದಲಿಕೆ ತೂಕದಿಂದಲೋ ಗಾತ್ರದಿಂದಲೋ ಎಂಬುದು. ಸಿಮೆಂಟಿನ ಸಾಪೇಕ್ಷ ಸಾಂದ್ರತೆ ಸುಮಾರು 3.15, ಜಿಜಿಬಿಎಸ್‌ನದು ಸುಮಾರು 2.9. ಶೇಕಡಾ 40ರ ಮಿಶ್ರಣದಲ್ಲಿ 144 ಕೆಜಿ ಸಿಮೆಂಟ್ ತೆಗೆದು ಅಷ್ಟೇ ತೂಕದ ಜಿಜಿಬಿಎಸ್ ಹಾಕಿದರೆ ಗಾತ್ರ ಸುಮಾರು 4 ಲೀಟರ್ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಸುಮಾರು 10 ಕೆಜಿ ಮರಳನ್ನು ಕಡಿಮೆ ಮಾಡಬೇಕಾಗುತ್ತದೆ. ನೀವು ಕಡಿಮೆ ಮಾಡಿದಿರೋ ಇಲ್ಲವೋ ಎಂಬುದನ್ನು ಬರೆಯದಿದ್ದರೆ ಕೋಷ್ಟಕವನ್ನು ಕೂಡಿ ನೋಡಿದವರಿಗೆ ಒಂದು ಘನ ಮೀಟರ್ ತುಂಬುವುದಿಲ್ಲ, ಅಥವಾ ಮೀರುತ್ತದೆ.

ಎರಕದ ದಿನದ ನೀರು

ಇಡೀ ಅಧ್ಯಾಯದಲ್ಲಿ ನಾನು ಮೊದಲು ಹುಡುಕುವುದು ಮರಳಿನ ತೇವದ ಬಗ್ಗೆ ಒಂದು ವಾಕ್ಯವನ್ನು. ಹತ್ತರಲ್ಲಿ ಒಂಬತ್ತು ವರದಿಗಳಲ್ಲಿ ಅದು ನನಗೆ ಸಿಕ್ಕಿಲ್ಲ. ಆದರೆ ಫಲಿತಾಂಶವನ್ನು ಸದ್ದಿಲ್ಲದೆ ಕೆಡಿಸುವ ಶಕ್ತಿ ಬೇರೆ ಯಾವುದಕ್ಕಿಂತಲೂ ಹೆಚ್ಚಾಗಿ ಇದಕ್ಕೆ ಇದೆ.

ಮಿಕ್ಸ್ ಡಿಸೈನಿನ 162 ಕೆಜಿ ನೀರು ಎಂಬ ಲೆಕ್ಕ, ಮರಳು ಮತ್ತು ಜಲ್ಲಿಯ ಒಳಗಿನ ರಂಧ್ರಗಳು ನೀರಿನಿಂದ ತುಂಬಿದ್ದು ಮೇಲ್ಮೈ ಮಾತ್ರ ಒಣಗಿರುವ ಸ್ಥಿತಿಯನ್ನು ಆಧರಿಸಿದೆ. ಲ್ಯಾಬಿನ ಹೊರಗೆ ರಾಶಿ ಹಾಕಿದ ಎಂ-ಸ್ಯಾಂಡ್ ಆ ಸ್ಥಿತಿಯಲ್ಲಿ ಇರುವುದು ಅಪರೂಪ. ಅದರ ನೀರು ಹೀರುವ ಪ್ರಮಾಣ ಶೇಕಡಾ 3 ಎಂದೂ, ಬೇಸಿಗೆಯ ಆ ದಿನ ಅದರಲ್ಲಿ ಇರುವ ತೇವ ಶೇಕಡಾ 1 ಎಂದೂ ಇಟ್ಟುಕೊಳ್ಳಿ. 750 ಕೆಜಿ ಮರಳು ಇನ್ನೂ ಶೇಕಡಾ 2ರಷ್ಟು, ಅಂದರೆ 15 ಕೆಜಿ ನೀರನ್ನು ಹೀರಿಕೊಳ್ಳುತ್ತದೆ. ನೀವು 162 ಕೆಜಿಯನ್ನಷ್ಟೇ ಹಾಕಿದರೆ ಸಿಮೆಂಟಿಗೆ ಉಳಿಯುವುದು 147, ಅನುಪಾತ 0.45 ಅಲ್ಲ, 0.41. ಕಾಂಕ್ರೀಟ್ ಗಡುಸಾಗುತ್ತದೆ, ಸ್ಲಂಪ್ ಬೀಳುತ್ತದೆ, ಕ್ಯೂಬಿನ ಶಕ್ತಿ ಲೆಕ್ಕಕ್ಕಿಂತ ಹೆಚ್ಚು ಬರುತ್ತದೆ. ಮರುದಿನ ಮಳೆ ಬಂದು ಅದೇ ರಾಶಿಯಿಂದ ಮುಂದಿನ ಮಿಶ್ರಣ ಮಾಡಿದರೆ ಎಲ್ಲವೂ ತಿರುವುಮುರುವಾಗುತ್ತದೆ. ನಾಲ್ಕು ಮಿಶ್ರಣಗಳನ್ನು ನಾಲ್ಕು ಬೇರೆ ದಿನ ಹೊಯ್ದಾಗ, ಜಿಜಿಬಿಎಸ್ ಪರಿಣಾಮವೆಂದು ನೀವು ಗ್ರಾಫಿನಲ್ಲಿ ತೋರಿಸುವುದು ಹವಾಮಾನದ ಪರಿಣಾಮವೂ ಆಗಿರಬಹುದು.

ಹೀಗಾಗಿ ವರದಿಯಲ್ಲಿ ಮೂರು ಮಾಹಿತಿಗಳು ಇರಲೇಬೇಕು: ಮರಳು ಮತ್ತು ಜಲ್ಲಿಯ ನೀರು ಹೀರುವ ಪ್ರಮಾಣ, ಪ್ರತಿ ಎರಕದ ದಿನದ ತೇವ, ಮತ್ತು ಆ ದಿನ ನಿಜವಾಗಿ ಅಳೆದು ಹಾಕಿದ ನೀರು. ತೇವವನ್ನು ಅಳೆಯಲು ಬೆಳಿಗ್ಗೆ ಅರ್ಧ ಕೆಜಿ ಮರಳನ್ನು ತೂಗಿ, ಬಾಣಲೆಯಲ್ಲಿ ಹುರಿದು ಒಣಗಿಸಿ, ಮತ್ತೆ ತೂಗಿದರೂ ಸಾಕು; ಓವನ್ ಬಳಸಿದ್ದರೆ ಉಷ್ಣತೆ ಮತ್ತು ಸಮಯವನ್ನು ಬರೆಯಿರಿ. ಈ ಅಳತೆಯನ್ನು ನೀವು ಮಾಡಿಯೇ ಇಲ್ಲವೆಂದಾದರೆ ವರದಿ ಬರೆಯುವಾಗ ಒಂದು ಅಂಕಿಯನ್ನು ಹುಟ್ಟಿಸಬೇಡಿ. "ಮರಳಿನ ತೇವವನ್ನು ಅಳೆಯಲಾಗಿಲ್ಲ, ಆದ್ದರಿಂದ ಮಿಶ್ರಣಗಳ ನಡುವೆ ನೀರಿನ ಪ್ರಮಾಣದಲ್ಲಿ ವ್ಯತ್ಯಾಸವಿರುವ ಸಾಧ್ಯತೆಯಿದೆ" ಎಂದು ಬರೆದರೆ ಎಕ್ಸ್‌ಟರ್ನಲ್ ಎದುರು ನೀವು ಭದ್ರವಾಗಿ ನಿಲ್ಲಬಹುದು.

ಹೊಯ್ದದ್ದು, ನೆನೆಸಿದ್ದು, ಒಡೆದದ್ದು

ಈ ಭಾಗ ಭೂತಕಾಲದಲ್ಲಿರಲಿ. ವರದಿ ಇಂಗ್ಲಿಷಿನಲ್ಲೇ ಇದ್ದರೂ ಕನ್ನಡದಲ್ಲಿ ಯೋಚಿಸಿ ನೋಡಿದರೆ ವ್ಯತ್ಯಾಸ ತಕ್ಷಣ ಕಾಣುತ್ತದೆ: "ಕ್ಯೂಬ್‌ಗಳನ್ನು 24 ಗಂಟೆಯ ನಂತರ ಮೋಲ್ಡಿನಿಂದ ತೆಗೆಯಬೇಕು" ಎಂಬುದು ಲ್ಯಾಬ್ ಮ್ಯಾನುಯಲ್ಲಿನ ಮಾತು, "ತೆಗೆಯಲಾಯಿತು" ಎಂಬುದು ವರದಿಯ ಮಾತು. ಮೊದಲನೆಯ ರೀತಿಯ ವಾಕ್ಯಗಳೇ ತುಂಬಿರುವ ಅಧ್ಯಾಯವನ್ನು ಓದಿದವರಿಗೆ ನೀವು ಅದನ್ನು ಮಾಡಿದಿರೆಂಬ ಭರವಸೆ ಹುಟ್ಟುವುದಿಲ್ಲ.

ಸ್ಲಂಪ್ ಟೆಸ್ಟಿನ ಕೋನ್ ಎಷ್ಟು ಎತ್ತರವಿರುತ್ತದೆ ಎಂಬುದನ್ನು ಬರೆಯುವ ಅಗತ್ಯವಿಲ್ಲ. ಮಾನಕದ ಹೆಸರು ಹೇಳಿದರೆ ಅದು ತಿಳಿಯುತ್ತದೆ. ಮಾನಕ ಆಯ್ಕೆಗೆ ಬಿಟ್ಟಿರುವುದನ್ನು ಮಾತ್ರ ಬರೆಯಿರಿ: ಮಿಕ್ಸರಿನಲ್ಲಿ ಕಲಸಿದಿರೋ ಕೈಯಲ್ಲೋ, ಸಾಮಗ್ರಿಗಳನ್ನು ಯಾವ ಕ್ರಮದಲ್ಲಿ ಎಷ್ಟು ನಿಮಿಷ ಕಲಸಿದಿರಿ, ಸೂಪರ್‌ಪ್ಲಾಸ್ಟಿಸೈಸರನ್ನು ಯಾವ ಹಂತದಲ್ಲಿ ಹಾಕಿದಿರಿ, ಕ್ಯೂಬನ್ನು ರಾಡಿನಿಂದ ಕುಟ್ಟಿದಿರೋ ಟೇಬಲ್ ವೈಬ್ರೇಟರ್ ಬಳಸಿದಿರೋ. ಕ್ಯೂರಿಂಗ್ ತೊಟ್ಟಿಯ ನೀರಿನ ಉಷ್ಣತೆ 27 ಡಿಗ್ರಿಯಿಂದ 2 ಡಿಗ್ರಿ ಮಾತ್ರ ಆಚೀಚೆ ಇರಬೇಕೆಂಬುದು ನಿಯಮ. ಮಾರ್ಚ್ ತಿಂಗಳ ಕಲಬುರಗಿಯಲ್ಲಿ ಬಯಲಿನ ತೊಟ್ಟಿ ಆ ಮಿತಿಯಲ್ಲಿ ಉಳಿಯುವುದು ಕಷ್ಟ, ಜಿಜಿಬಿಎಸ್ ಇರುವ ಕಾಂಕ್ರೀಟಿನ ಆರಂಭದ ಶಕ್ತಿಯಾದರೋ ಉಷ್ಣತೆಗೆ ಬೇಗ ಸ್ಪಂದಿಸುತ್ತದೆ. ಒಂದು ಥರ್ಮಾಮೀಟರ್ ಇಟ್ಟು ದಿನಕ್ಕೊಮ್ಮೆ ಓದಿ, ಕನಿಷ್ಠ ಮತ್ತು ಗರಿಷ್ಠವನ್ನು ಬರೆಯಿರಿ.

ಒಡೆಯುವ ಯಂತ್ರದ ವೇಗವೂ ಇಂತಹದೇ. ನಿಗದಿತ ವೇಗ ನಿಮಿಷಕ್ಕೆ ಪ್ರತಿ ಚದರ ಮಿಮೀಗೆ 14 ನ್ಯೂಟನ್. ಕ್ಯೂಬಿನ ಮೇಲ್ಮೈ 22,500 ಚದರ ಮಿಮೀ ಆದ್ದರಿಂದ ನಿಮಿಷಕ್ಕೆ 315 ಕಿಲೋನ್ಯೂಟನ್. ಅಂದರೆ 900 ಕಿಲೋನ್ಯೂಟನ್‌ಗೆ ಒಡೆಯುವ ಕ್ಯೂಬ್ ಸುಮಾರು ಮೂರು ನಿಮಿಷ ತೆಗೆದುಕೊಳ್ಳಬೇಕು. ವಾಲ್ವನ್ನು ಕೈಯಿಂದ ತಿರುಗಿಸುವ ಯಂತ್ರದಲ್ಲಿ, ಸಂಜೆ ಲ್ಯಾಬ್ ಮುಚ್ಚುವ ಗಡಿಬಿಡಿಯಲ್ಲಿ, ಅದೇ ಕ್ಯೂಬ್ ನಲವತ್ತು ಸೆಕೆಂಡಿನಲ್ಲಿ ಒಡೆದಿದ್ದರೆ ಶಕ್ತಿ ಇರುವುದಕ್ಕಿಂತ ಹೆಚ್ಚು ಕಂಡಿರುತ್ತದೆ. ಪ್ರತಿ ಕ್ಯೂಬಿಗೂ ಸ್ಟಾಪ್‌ವಾಚ್ ಓದನ್ನು ಪುಸ್ತಕದಲ್ಲಿ ಗುರುತು ಮಾಡಿಕೊಂಡಿದ್ದರೆ, ವೇಗವನ್ನು ಪಾಲಿಸಿದ್ದೇವೆ ಎಂಬ ವಾಕ್ಯಕ್ಕೆ ಆಧಾರ ಸಿಗುತ್ತದೆ. ಯಂತ್ರದ ಸಾಮರ್ಥ್ಯ ಮತ್ತು ಕಡೆಯ ಕ್ಯಾಲಿಬ್ರೇಶನ್ ದಿನಾಂಕವೂ ಅಲ್ಲೇ ಬರಲಿ.

ಯಾವ ಅಂಕಿಯನ್ನು ಒಪ್ಪುತ್ತೀರಿ ಎಂಬ ನಿಯಮ

ಅಂಕಿಗಳು ಫಲಿತಾಂಶದ ಅಧ್ಯಾಯಕ್ಕೆ ಸೇರಿದವು. ಅಂಕಿಗಳನ್ನು ಹೇಗೆ ನಡೆಸಿಕೊಳ್ಳುತ್ತೀರಿ ಎಂಬ ನಿಯಮ ಮೆಥಡಾಲಜಿಗೆ ಸೇರಿದ್ದು, ಮತ್ತು ಮೊದಲ ಕ್ಯೂಬ್ ಒಡೆಯುವ ಮುಂಚೆಯೇ ಅದನ್ನು ನಿರ್ಧರಿಸಿರಬೇಕು. ಮೂರು ಕ್ಯೂಬ್‌ಗಳು 920, 955 ಮತ್ತು 700 ಕಿಲೋನ್ಯೂಟನ್‌ಗೆ ಒಡೆದವು ಎನ್ನಿ. ಶಕ್ತಿ ಕ್ರಮವಾಗಿ 40.9, 42.4 ಮತ್ತು 31.1, ಸರಾಸರಿ ಸುಮಾರು 38.1. ಮೂರನೆಯದು ಸರಾಸರಿಗಿಂತ ಶೇಕಡಾ 18ರಷ್ಟು ಕೆಳಗಿದೆ. ಐಎಸ್ 456ರ ಪ್ರಕಾರ ಯಾವುದೇ ಕ್ಯೂಬ್ ಸರಾಸರಿಯಿಂದ ಶೇಕಡಾ 15ಕ್ಕಿಂತ ಹೆಚ್ಚು ದೂರವಿದ್ದರೆ ಆ ಇಡೀ ಮಾದರಿಯೇ ಅಮಾನ್ಯ. ವಿದ್ಯಾರ್ಥಿಗಳು ಬಹಳಷ್ಟು ಸಲ ಮಾಡುವುದು ಬೇರೆ: 700ನ್ನು ಬಿಟ್ಟು, ಉಳಿದ ಎರಡರ ಸರಾಸರಿಯಾದ 41.7ನ್ನು ಬರೆದು, ಕೋಷ್ಟಕದ ತಲೆಯಲ್ಲಿ "ಮೂರು ಕ್ಯೂಬ್‌ಗಳ ಸರಾಸರಿ" ಎಂದು ಉಳಿಸುವುದು. ಅದು ಸುಳ್ಳು ಲೆಕ್ಕ, ಮತ್ತು ಲ್ಯಾಬಿನ ರಿಜಿಸ್ಟರ್ ನೋಡಿದರೆ ಗೊತ್ತಾಗುವಂತಹದು.

ಮತ್ತೆ ಹೊಯ್ದು 28 ದಿನ ಕಾಯುವಷ್ಟು ಸೆಮಿಸ್ಟರ್ ಉಳಿದಿದ್ದರೆ ಹಾಗೆ ಮಾಡಿ, ಮರು ಎರಕದ ದಿನಾಂಕವನ್ನು ಬರೆಯಿರಿ. ಉಳಿದಿಲ್ಲವಾದರೆ ಮೂರೂ ಅಂಕಿಗಳನ್ನು ತೋರಿಸಿ, ಮಾದರಿ ಅಮಾನ್ಯವೆಂದು ಗುರುತಿಸಿ, ಒಡೆದ ಕ್ಯೂಬಿನಲ್ಲಿ ಕಂಡದ್ದನ್ನು, ಉದಾಹರಣೆಗೆ ಒಂದು ಮೂಲೆಯಲ್ಲಿ ಜೇನುಗೂಡಿನಂತಹ ಪೊಳ್ಳು ಇದ್ದರೆ ಅದನ್ನು, ವಿವರಿಸಿ. ಒಡೆದ ಪ್ರತಿ ಕ್ಯೂಬಿನ ಫೋಟೋ ತೆಗೆದಿಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ.

ಯೋಜನೆಯಿಂದ ಆಚೆ ಹೋದ ಉಳಿದ ಸಂಗತಿಗಳಿಗೂ ಅಧ್ಯಾಯದ ಕೊನೆಯಲ್ಲಿ ಒಂದು ಸಣ್ಣ ಭಾಗ ಇಡಿ. ಮೋಲ್ಡುಗಳು ಸಾಲದೆ ಶೇಕಡಾ 60ರ ಮಿಶ್ರಣವನ್ನು ಎರಡು ದಿನ ಹೊಯ್ದದ್ದು, ವಿದ್ಯುತ್ ಹೋಗಿ ಕೈಯಲ್ಲಿ ಕಲಸಿದ್ದು, ಇವೆಲ್ಲ ದಿನಾಂಕ ಸಹಿತ ಬರಲಿ. ಇವುಗಳನ್ನು ನೆನಪಿನಿಂದ ಬರೆಯಲು ಆಗುವುದಿಲ್ಲ. ಎರಕದ ದಿನವೇ ಸಿಮೆಂಟು ಮೆತ್ತಿದ ಕೈಯಲ್ಲಿ ಗೀಚಿದ ಪುಸ್ತಕವೇ ಈ ಅಧ್ಯಾಯದ ಮೊದಲ ಕರಡು.

ಜೂನಿಯರ್ ಕೈಗೆ ಕೊಟ್ಟು ನೋಡುವುದು

ಗೈಡ್‌ಗೆ ಒಪ್ಪಿಸುವ ಮುಂಚೆ, ಆರನೇ ಸೆಮಿಸ್ಟರಿನ ಒಬ್ಬ ವಿದ್ಯಾರ್ಥಿಗೆ ಈ ಅಧ್ಯಾಯವನ್ನು ಮಾತ್ರ ಕೊಟ್ಟು, ಶೇಕಡಾ 40ರ ಮಿಶ್ರಣದ ಒಂಬತ್ತು ಕ್ಯೂಬ್‌ಗಳಿಗೆ ಬೇಕಾದ ಸಾಮಗ್ರಿಯ ತೂಕಗಳನ್ನು ಬರೆಯಲು ಹೇಳಿ. ಸಿಮೆಂಟ್ 7.2 ಕೆಜಿ, ಜಿಜಿಬಿಎಸ್ 4.8 ಕೆಜಿ ಎಂದು ಅವರು ತಾವಾಗಿಯೇ ಮುಟ್ಟಬೇಕು, ಮರಳಿನ ತೂಕದಲ್ಲಿ ಆ 10 ಕೆಜಿಯ ಲೆಕ್ಕ ಸೇರಿದೆಯೋ ಇಲ್ಲವೋ ಎಂದು ನಿಮ್ಮನ್ನು ಕೇಳುವಂತಾಗಬಾರದು, ನೀರನ್ನು ಎಷ್ಟು ಹಾಕಬೇಕೆಂದು ಹೇಳುವ ಮೊದಲು ಅವರೇ "ಇವತ್ತಿನ ಮರಳಿನ ತೇವ ಎಷ್ಟು?" ಎಂದು ಕೇಳಬೇಕು. ಅವರು ಪೆನ್ನು ನಿಲ್ಲಿಸಿ ನಿಮ್ಮ ಮುಖ ನೋಡಿದ ಪ್ರತಿ ಜಾಗದಲ್ಲೂ ಅಂಚಿನಲ್ಲಿ ಒಂದು ಗುರುತು ಹಾಕಿ, ಅಲ್ಲಿ ಬಿಟ್ಟುಹೋಗಿರುವ ವಾಕ್ಯವನ್ನು ಅಂದೇ ಬರೆದು ಸೇರಿಸಿ.